ಕಾಲು ಸೋತು ಎರಡು ಸಲ ಬಂದ ರೈತರು: ಒಮ್ಮೆ ಪೊಟ್ಯಾಸಿಯಂ 8.1, ಒಮ್ಮೆ 2.6

ಗದಗ ಜಿಲ್ಲೆಯ ಒಂದು ತಾಲ್ಲೂಕು ಊರಿನ ಸಣ್ಣ ಆಸ್ಪತ್ರೆಯಲ್ಲಿ ನಡೆದ ಪ್ರಕರಣ ಇದು. ನಾನು ಅಲ್ಲಿ ಫಿಜಿಶಿಯನ್. ರೋಗಿಯ ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಔಷಧಿಗಳ ಪ್ರಮಾಣ ಬರೆದಿರುವುದು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗಾಗಿ. ಮನೆಯಲ್ಲಿ ಮಾಡಿ ನೋಡುವ ವಿಷಯ ಇದಲ್ಲ.

ಹಿನ್ನೆಲೆ

ಸುಮಾರು 60 ವರ್ಷದ ರೈತರು. ಹೆಸರುಕಾಳು, ಉಳ್ಳಾಗಡ್ಡಿ ಬೆಳೆಯುವವರು. 12 ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಆರು ತಿಂಗಳ ಹಿಂದಿನ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.6 ಇತ್ತು. ಅಂದರೆ ಕಿಡ್ನಿ ಆಗಲೇ ಸ್ವಲ್ಪ ಸೋತಿತ್ತು. ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಿದ್ದರು. ಎರಡು ತಿಂಗಳ ಹಿಂದೆ ಕಾಲು ಬಾವಿಗೆಂದು ಬೇರೆ ಕಡೆ ಸ್ಪೈರೊನೊಲ್ಯಾಕ್ಟೋನ್ ಸೇರಿಸಿದ್ದರು. ಅದಾದ ಮೇಲೆ ರಕ್ತ ಪರೀಕ್ಷೆ ಆಗಿರಲಿಲ್ಲ.

ಮೇ ತಿಂಗಳು, ಸುಡುವ ಬಿಸಿಲು. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಗುಳಿಗೆ ತಂದು ಎಂಟು ದಿನ ನುಂಗಿದ್ದರು. ಕೊನೆಯ ಎರಡು ದಿನ ಭೇದಿ ಹತ್ತಿತ್ತು. ಮೈ ತಂಪಾಗಲಿ, ಶಕ್ತಿ ಬರಲಿ ಎಂದು ಮನೆಯವರು ದಿನಕ್ಕೆ ನಾಲ್ಕು ಎಳನೀರು ಕುಡಿಸಿದ್ದರು. ಪ್ರೀತಿಯಿಂದ ಮಾಡಿದ ಕೆಲಸ. ಕಿಡ್ನಿ ಚೆನ್ನಾಗಿದ್ದವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಬೇಕು. 100 ಮಿಲಿ ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಒಂದು ಕಾಯಿಯಲ್ಲಿ 300 ಮಿಲಿ ಎಂದರೆ 750 ಮಿಲಿಗ್ರಾಂ, ಅಂದರೆ 19 ಮಿಲಿಮೋಲ್. ನಾಲ್ಕು ಕಾಯಿಗೆ 76 ಮಿಲಿಮೋಲ್. ನಮ್ಮ ದೇಹದ ಪೊಟ್ಯಾಸಿಯಂ ಹೆಚ್ಚೂಕಡಿಮೆ ಎಲ್ಲಾ ಜೀವಕೋಶಗಳ ಒಳಗೇ ಇರುತ್ತದೆ. ರಕ್ತವೂ ಸೇರಿ ಕೋಶಗಳ ಹೊರಗಿನ ನೀರಿನಲ್ಲಿ ಇರುವುದು ಒಟ್ಟು 60 ಮಿಲಿಮೋಲ್ ಆಸುಪಾಸು ಮಾತ್ರ. ಒಂದು ದಿನದ ಎಳನೀರು ಅದಕ್ಕಿಂತ ಜಾಸ್ತಿ ತಂದಿತ್ತು. ಆರೋಗ್ಯವಂತರಲ್ಲಿ ಅದನ್ನು ಕೋಶಗಳು ತಾತ್ಕಾಲಿಕವಾಗಿ ಒಳಗೆಳೆದುಕೊಳ್ಳುತ್ತವೆ, ಕಿಡ್ನಿ ಕೆಲವು ತಾಸಿನಲ್ಲಿ ಹೊರಹಾಕುತ್ತದೆ. ಇವರಲ್ಲಿ ಆ ಹೊರದಾರಿ ಮುಚ್ಚಿತ್ತು. ಭೇದಿಯಿಂದ ನೀರು ಕಡಿಮೆಯಾಗಿ ಕಿಡ್ನಿಗೆ ರಕ್ತ ಸಾಲುತ್ತಿರಲಿಲ್ಲ. ಡೈಕ್ಲೋಫೆನಾಕ್ ಮತ್ತು ಟೆಲ್ಮಿಸಾರ್ಟನ್ ಸೇರಿ ಕಿಡ್ನಿಯ ಸೋಸುವ ಒತ್ತಡವನ್ನು ಇನ್ನಷ್ಟು ಇಳಿಸಿದ್ದವು. ಪೊಟ್ಯಾಸಿಯಂ ಹೊರಗೆ ಬಿಡುವ ಕೊನೆಯ ಬಾಗಿಲನ್ನು ಸ್ಪೈರೊನೊಲ್ಯಾಕ್ಟೋನ್ ತಡೆದಿತ್ತು.

ಮೊದಲ ಸಲ: ನಾಡಿ 36

ಬೆಳಿಗ್ಗೆ ಆರೂವರೆಗೆ ಕರೆತಂದರು. ಎಚ್ಚರ ಇದ್ದರು, ಮಾತಾಡುತ್ತಿದ್ದರು. ಬಿಪಿ 90/60. ನಾಡಿ ನಿಮಿಷಕ್ಕೆ 36. ಮಡದಿ ಹೇಳಿದ್ದು ಎದೆಯ ಮಾತನ್ನಲ್ಲ, ಕಾಲಿನ ಮಾತನ್ನು.

"ನಿನ್ನಿ ಸಂಜೀಗೆ ಕಟ್ಟಿ ಮ್ಯಾಲಿಂದ ಏಳಾಕ ಆಗಲಿಲ್ರಿ. ಕಾಲಾಗ ಶಕ್ತೀನ ಇಲ್ದಂಗ ಆಗೇತಿ."

ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರು ಇಸಿಜಿ ತೆಗೆದು ನನಗೆ ಫೋನ್ ಮಾಡಿದರು. "ಪಿ ಅಲೆ ಇಲ್ಲ, ರೇಟ್ 36, ಹಾರ್ಟ್ ಬ್ಲಾಕ್ ಅನ್ನಿಸುತ್ತದೆ ಸರ್" ಎಂದರು. ಪಿ ಎಂದರೆ ಹೃದಯದ ಮೇಲಿನ ಕೋಣೆಗಳಲ್ಲಿ ವಿದ್ಯುತ್ ಹರಡುವುದನ್ನು ತೋರಿಸುವ ಅಲೆ. ಹಾರ್ಟ್ ಬ್ಲಾಕ್ ಎಂದರೆ ಇಲ್ಲಿ ರಕ್ತನಾಳದ ತಡೆಯಲ್ಲ, ಹೃದಯದ ವಿದ್ಯುತ್ ದಾರಿಯ ತಡೆ. ನಾಡಿ ಏರಿಸುವ ಅಟ್ರೋಪಿನ್ ಕೊಡಿ ಎಂದೆ. ಒಂದು ಮಿಲಿಗ್ರಾಂ ಕೊಟ್ಟರು, ಐದು ನಿಮಿಷ ಬಿಟ್ಟು ಇನ್ನೊಂದು. ನಾಡಿ ಏರಲಿಲ್ಲ. ನಾನು ತಲುಪುವ ಹೊತ್ತಿಗೆ ಹುಬ್ಬಳ್ಳಿಗೆ ಕಳಿಸುವ ಚೀಟಿ ಸಿದ್ಧವಾಗಿತ್ತು, ಆಂಬುಲೆನ್ಸ್ ಬಾಗಿಲಲ್ಲಿ ನಿಂತಿತ್ತು. ಕಾರಣದ ಜಾಗದಲ್ಲಿ "ತುರ್ತು ಪೇಸ್‌ಮೇಕರ್" ಎಂದು ಬರೆದಿತ್ತು. ನಮ್ಮಲ್ಲಿಂದ ಹುಬ್ಬಳ್ಳಿ ಎರಡು ತಾಸಿನ ದಾರಿ.

ಇಸಿಜಿ ಕಾಗದ ಕೈಗೆ ತೆಗೆದುಕೊಂಡೆ. ಫೋನಿನಲ್ಲಿ ಹೇಳಿದ್ದೆಲ್ಲ ಸರಿಯೇ ಇತ್ತು. ಆದರೆ ಹೇಳದೇ ಇದ್ದದ್ದು ಇನ್ನೆರಡು ಇತ್ತು. ಹೃದಯದ ಕೆಳಗಿನ ಕೋಣೆಗಳಲ್ಲಿ ವಿದ್ಯುತ್ ಹರಡುವುದನ್ನು ತೋರಿಸುವ ಕ್ಯೂಆರ್‌ಎಸ್ ಅಗಲ 0.18 ಸೆಕೆಂಡ್, ಅಂದರೆ ನಾಲ್ಕೂವರೆ ಸಣ್ಣ ಚೌಕ. ಅದು ಮೂರು ಚೌಕಕ್ಕಿಂತ ಕಡಿಮೆ ಇರಬೇಕು. ಮತ್ತು ಆ ಕೋಣೆಗಳು ವಿಶ್ರಾಂತಿಗೆ ಮರಳುವುದನ್ನು ತೋರಿಸುವ ಟಿ ಅಲೆ ಗುಡಾರದ ತುದಿಯ ಹಾಗೆ ಚೂಪಾಗಿ ಎತ್ತರಕ್ಕೆ ನಿಂತಿತ್ತು. ಬರೀ ಹಾರ್ಟ್ ಬ್ಲಾಕ್ ಆಗಿದ್ದರೆ ಕಾಲಿನ ಶಕ್ತಿ ಹೋಗುವುದೇಕೆ ಎಂಬ ಪ್ರಶ್ನೆ ಬೇರೆ.

"ಏನೇನು ಗುಳಿಗಿ ತೊಗೋತಾರ್ರಿ?" ಎಂದು ಕೇಳಿದೆ. ಮಡದಿ ಕೈಚೀಲ ತಿರುವಿ ಮೇಜಿನ ಮೇಲೆ ಸುರಿದರು. ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಅರ್ಧ ಖಾಲಿಯಾದ ಡೈಕ್ಲೋಫೆನಾಕ್ ಪಟ್ಟಿ, ಹಳೆಯ ಕ್ರಿಯಾಟಿನಿನ್ ರಿಪೋರ್ಟ್. ಆ ಚೀಲ ಬಿಚ್ಚಿದ ಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಮಗನಿಗೆ ಗಾಬರಿ. "ಪೇಸ್‌ಮೇಕರ್ ಹಾಕ್ಸಬೇಕಂದ್ರ ಈಗಿಂದೀಗ ಹೊಂಡ್ತೀವ್ರಿ ಸರ್. ತಡ ಆದ್ರ ಹ್ಯಾಂಗ್ರಿ?"

"ಇಪ್ಪತ್ತು ನಿಮಿಷ ಕೊಡ್ರಿ ನಮಗ. ಈಗ ಹಿಂಗ ಕಳಿಸಿದ್ರ ದಾರ್ಯಾಗ ಹೃದಯ ನಿಲ್ಲಬಹುದು."

ಲ್ಯಾಬಿನವರು ಬಂದು ರಿಪೋರ್ಟ್ ಕೊಡಲು ಮುಕ್ಕಾಲು ಗಂಟೆ ಬೇಕಿತ್ತು. ಕಾಯಬೇಕೋ, ಕೊಡಬೇಕೋ? ನಾವು ಕಾಯಲಿಲ್ಲ. ಮಾನಿಟರ್ ಹಚ್ಚಿ, ದೊಡ್ಡ ರಕ್ತನಾಳದಲ್ಲಿ ಸೂಜಿ ಸರಿಯಾಗಿ ಕೂತಿದೆ ಎಂದು ಖಾತ್ರಿ ಮಾಡಿಕೊಂಡು, ಶೇಕಡಾ 10ರ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿಲಿಯನ್ನು ಮೂರು ನಿಮಿಷದಲ್ಲಿ ಕೊಟ್ಟೆವು. ನಾಡಿ 44ಕ್ಕೆ ಬಂತು, ಕ್ಯೂಆರ್‌ಎಸ್ ಇನ್ನೂ ಅಗಲವೇ ಇತ್ತು. ಐದು ನಿಮಿಷ ಬಿಟ್ಟು ಮತ್ತೆ 10 ಮಿಲಿ. ಎರಡನೆಯದು ಮುಗಿಯುತ್ತಿದ್ದಂತೆ ಮಾನಿಟರಿನ ಗೆರೆ ಕಣ್ಣೆದುರೇ ಕಿರಿದಾಗುತ್ತಾ ಬಂತು. ಕ್ಯೂಆರ್‌ಎಸ್ 0.11, ನಾಡಿ 64, ಸಣ್ಣ ಪಿ ಅಲೆಯೂ ಕಾಣಿಸಿತು. ಬಿಪಿ 110/70.

ಪೇಸ್‌ಮೇಕರ್ ಚೀಟಿ ಹರಿದು ಹಾಕಿದೆ.

ಪೊರೆಯ ಮೇಲೆ ಏನಾಗಿತ್ತು

ಹೃದಯದ ಸ್ನಾಯುಕೋಶ ಎರಡು ಬಡಿತಗಳ ನಡುವೆ ಸುಮ್ಮನಿರುವಾಗಲೂ ಅದರ ಪೊರೆಯ ಎರಡು ಬದಿಗೆ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಹೊರಗಿಗಿಂತ ಒಳಗೆ ಸುಮಾರು 90 ಮಿಲಿವೋಲ್ಟ್ ಕಡಿಮೆ. ಇದೇ ರೆಸ್ಟಿಂಗ್ ಮೆಂಬ್ರೇನ್ ಪೊಟೆನ್ಶಿಯಲ್. ಕೋಶದ ಒಳಗೆ ಪೊಟ್ಯಾಸಿಯಂ ಲೀಟರಿಗೆ 140 ಮಿಲಿಮೋಲ್, ಹೊರಗೆ 4. ಸುಮ್ಮನಿರುವ ಕೋಶದಲ್ಲಿ ತೆರೆದಿರುವ ಬಾಗಿಲುಗಳು ಮುಖ್ಯವಾಗಿ ಪೊಟ್ಯಾಸಿಯಂನವೇ. ಅದು ಸ್ವಲ್ಪ ಸ್ವಲ್ಪ ಹೊರಗೆ ಸೋರುತ್ತಾ ತನ್ನ ಧನ ಆವೇಶವನ್ನು ಒಯ್ಯುತ್ತದೆ, ಒಳಗೆ ಋಣ ಉಳಿಯುತ್ತದೆ. ಆದ್ದರಿಂದ ಈ ವೋಲ್ಟೇಜನ್ನು ಬಹುಮಟ್ಟಿಗೆ ನಿರ್ಧರಿಸುವುದು ಒಳಗಿನ ಮತ್ತು ಹೊರಗಿನ ಪೊಟ್ಯಾಸಿಯಂನ ಅನುಪಾತ. ದೇಹದ ಬಿಸಿಯಲ್ಲಿ ಅದರ ಲೆಕ್ಕ ಹೀಗೆ. E ಎಂದರೆ ವೋಲ್ಟೇಜ್, K_out ಹೊರಗಿನ ಪೊಟ್ಯಾಸಿಯಂ, K_in ಒಳಗಿನದು:

```
E = 61 × log10(K_out / K_in)
```

ಹೊರಗೆ 4 ಇದ್ದರೆ ಉತ್ತರ −94 ಮಿಲಿವೋಲ್ಟ್. ಸ್ವಲ್ಪ ಸೋಡಿಯಂ ಒಳಗೆ ಸೋರುವುದರಿಂದ ನಿಜವಾದದ್ದು −90ರ ಹತ್ತಿರ ನಿಲ್ಲುತ್ತದೆ. ಹೊರಗೆ 8.1 ಹಾಕಿ ನೋಡಿ, −75 ಬರುತ್ತದೆ. ಹೊರಗಿನ ನಾಲ್ಕು ಮಿಲಿಮೋಲ್ ಏರಿಕೆಗೆ ಪೊರೆಯ ವೋಲ್ಟೇಜ್ ಇಪ್ಪತ್ತರಷ್ಟು ಸರಿಯಿತು. ಒಳಗಿನ 140ರಲ್ಲಿ ನಾಲ್ಕು ಬದಲಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಹೊರಗಿನ ಸಣ್ಣ ಅಂಕಿಗೆ ಇಷ್ಟು ಬಲ ಇರುವುದು ಅದಕ್ಕೇ.

ಈಗ ಒಂದು ಗೊಂದಲ ಹುಟ್ಟುತ್ತದೆ. ಕೋಶ ಸಿಡಿಯಲು, ಅಂದರೆ ಬಡಿತದ ವಿದ್ಯುತ್ ಅಲೆ ಎಬ್ಬಿಸಲು, ವೋಲ್ಟೇಜ್ −70ರ ಆಸುಪಾಸಿಗೆ ಬರಬೇಕು. −75ರಲ್ಲಿ ಕೂತ ಕೋಶ ಆ ಗೆರೆಗೆ ತೀರಾ ಹತ್ತಿರ ಇದೆ. ಹಾಗಾದರೆ ಅದು ಇನ್ನೂ ಸುಲಭವಾಗಿ ಸಿಡಿಯಬೇಕಲ್ವಾ? ಪೊಟ್ಯಾಸಿಯಂ ಸ್ವಲ್ಪವೇ ಏರಿದಾಗ ಹಾಗೆ ಆಗುತ್ತದೆ ಕೂಡ. ಆದರೆ ಇನ್ನೂ ಏರಿದರೆ ಕಥೆ ತಿರುಗುತ್ತದೆ. ಅದಕ್ಕೆ ಕಾರಣ ಸೋಡಿಯಂ ಬಾಗಿಲುಗಳು.

ನಾನು ನರ್ಸಿಂಗ್ ಮಕ್ಕಳಿಗೆ ಇಲಿ ಬೋನಿನ ಉದಾಹರಣೆ ಕೊಡುತ್ತೇನೆ. ಬೋನು ಒಮ್ಮೆ ಬಡಿದ ಮೇಲೆ ಅದನ್ನು ಪೂರ್ತಿ ಹಿಂದಕ್ಕೆ ಎಳೆದು ಕೊಕ್ಕೆಗೆ ಸಿಕ್ಕಿಸಬೇಕು. ಅರ್ಧ ಎಳೆದು ಬಿಟ್ಟರೆ ಹೂಡಿದಂತೆ ಆಗುವುದಿಲ್ಲ, ಇಲಿ ಬಂದರೂ ಬಡಿಯುವುದಿಲ್ಲ. ಸೋಡಿಯಂ ಬಾಗಿಲೂ ಹಾಗೇ. ಒಮ್ಮೆ ತೆರೆದು ಮುಚ್ಚಿದ ಮೇಲೆ ಪೊರೆ −90ರವರೆಗೆ ಹಿಂದೆ ಹೋದರೆ ಮಾತ್ರ ಅವು ಪೂರ್ತಿ ಹೂಡಿಕೊಳ್ಳುತ್ತವೆ. −75ರಲ್ಲೇ ನಿಂತರೆ ಹೆಚ್ಚೂಕಡಿಮೆ ಅರ್ಧ ಬಾಗಿಲುಗಳು ಹೂಡಿಕೊಳ್ಳದೇ ಉಳಿಯುತ್ತವೆ. ಸಿಡಿತ ದುರ್ಬಲವಾಗುತ್ತದೆ, ಒಂದು ಕೋಶದಿಂದ ಇನ್ನೊಂದಕ್ಕೆ ಅಲೆ ತೆವಳಿಕೊಂಡು ಹೋಗುತ್ತದೆ. ಆ ತೆವಳುವಿಕೆಯೇ ಕಾಗದದ ಮೇಲೆ ಅಗಲವಾದ ಕ್ಯೂಆರ್‌ಎಸ್.

ಪಿ ಅಲೆ ಹೋದದ್ದಕ್ಕೂ ಇದೇ ಕಾರಣ. ಮೇಲಿನ ಕೋಣೆಯಾದ ಹೃತ್ಕರ್ಣದ ಸ್ನಾಯು ಇದಕ್ಕೆ ಎಲ್ಲಕ್ಕಿಂತ ಮೊದಲು ಸೋಲುತ್ತದೆ. ತಾಳ ಹಾಕುವ ಸೈನಸ್ ನೋಡ್ ಸಿಡಿಯಲು ಕ್ಯಾಲ್ಸಿಯಂ ಬಾಗಿಲನ್ನು ಬಳಸುತ್ತದೆ, ಹಾಗಾಗಿ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ನೋಡ್ ತಾಳ ಹಾಕುತ್ತಲೇ ಇದ್ದರೂ ಹೃತ್ಕರ್ಣ ಮೌನವಾಗಿರುವುದರಿಂದ ಪಿ ಕಾಣುವುದಿಲ್ಲ. ಅದನ್ನೇ ನಾವು ಫೋನಿನಲ್ಲಿ ಹಾರ್ಟ್ ಬ್ಲಾಕ್ ಎಂದು ಓದಿದ್ದೆವು. ಕಾಲಿನ ಸ್ನಾಯುವಿನಲ್ಲೂ ಇದೇ ಸೋಡಿಯಂ ಬಾಗಿಲಿನ ತೊಂದರೆ. ಕಟ್ಟೆಯಿಂದ ಏಳಲಾಗದ್ದು, ನಾಡಿ ಇಳಿದದ್ದು ಎರಡಕ್ಕೂ ಬೇರು ಒಂದೇ.

ಕ್ಯಾಲ್ಸಿಯಂ ಕೊಟ್ಟಾಗ ರಕ್ತದ ಪೊಟ್ಯಾಸಿಯಂ ಒಂದಿಷ್ಟೂ ಇಳಿಯುವುದಿಲ್ಲ. ಪೊರೆಯ ವೋಲ್ಟೇಜೂ ಹಿಂದೆ ಹೋಗುವುದಿಲ್ಲ. ಸಿಡಿಯುವ ಗೆರೆ −70ರಿಂದ ಮೇಲಕ್ಕೆ ಸರಿದು ಕಳೆದುಹೋದ ಅಂತರ ಮರಳುತ್ತದೆ ಎಂಬುದು ಹಳೆಯ ವಿವರಣೆ. ಕ್ಯಾಲ್ಸಿಯಂ ಬಾಗಿಲುಗಳ ಮೂಲಕ ಅಲೆ ಮುಂದೆ ಸಾಗಲು ನೆರವಾಗುತ್ತದೆ ಎಂಬ ವಿವರಣೆಯೂ ಇದೆ. ಯಾವುದಾದರೂ ಇರಲಿ, ಸಿಗುವುದು ಅರ್ಧದಿಂದ ಒಂದು ತಾಸಿನ ಬಿಡುವು. ಅಷ್ಟರಲ್ಲಿ ಪೊಟ್ಯಾಸಿಯಂ ಇಳಿಸುವ ಕೆಲಸ ಶುರುವಾಗಬೇಕು.

ಆ ಒಂದು ತಾಸು

ರೆಗ್ಯುಲರ್ ಇನ್ಸುಲಿನ್ 10 ಯೂನಿಟ್, ಶೇಕಡಾ 25ರ ಡೆಕ್ಸ್‌ಟ್ರೋಸ್ 100 ಮಿಲಿ ಜೊತೆಗೆ ಕೊಟ್ಟೆವು. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಕೋಶಗಳ ಒಳಗೆ ದಬ್ಬುತ್ತದೆ. ಸಾಲ್ಬುಟಮಾಲ್ 10 ಮಿಲಿಗ್ರಾಂ ನೆಬ್ಯುಲೈಸ್ ಮಾಡಿದೆವು. ಅಂದರೆ 2.5ರ ನಾಲ್ಕು ರೆಸ್ಪ್ಯೂಲ್. ಉಬ್ಬಸಕ್ಕೆ ಕೊಡುವ ಒಂದೇ ರೆಸ್ಪ್ಯೂಲ್ ಇದಕ್ಕೆ ಸಾಲದು. ನಿಧಾನಕ್ಕೆ ಸಲೈನ್ ಹಚ್ಚಿದೆವು.

ಆಗ ಲ್ಯಾಬಿನಿಂದ ಫೋನ್ ಬಂತು. "ಸರ್, ಪೊಟ್ಯಾಸಿಯಂ 8.1 ತೋರಿಸ್ತೈತ್ರಿ. ಸ್ಯಾಂಪಲ್ ಹಾಳಾಗಿರಬೇಕು, ಮತ್ತೊಮ್ಮೆ ಕಳಸ್ರಿ." ಟೆಕ್ನಿಶಿಯನ್ ಹೇಳಿದ್ದು ತಪ್ಪಲ್ಲ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ, ಸಣ್ಣ ಸೂಜಿಯಿಂದ ಜೋರಾಗಿ ಎಳೆದರೆ, ಕೆಂಪು ರಕ್ತಕಣ ಒಡೆದು ಒಳಗಿನ ಪೊಟ್ಯಾಸಿಯಂ ಸೋರಿ ಸುಳ್ಳು ಅಂಕಿ ಬರುತ್ತದೆ. ಎರಡನೇ ಸ್ಯಾಂಪಲ್ ಕಳಿಸಿದೆವು. ಆದರೆ ಸುಳ್ಳು ಅಂಕಿ ಕ್ಯೂಆರ್‌ಎಸ್ ಅಗಲ ಮಾಡುವುದಿಲ್ಲ. ಚಿಕಿತ್ಸೆ ನಿಲ್ಲಿಸಲಿಲ್ಲ. ಎರಡನೆಯದು ಇನ್ಸುಲಿನ್ ಶುರುವಾದ ಮೇಲೆ ತೆಗೆದದ್ದು, 7.6 ಬಂತು. ಕ್ರಿಯಾಟಿನಿನ್ 5.2.

ತಿರುಗುಮುರುಗಾದದ್ದೂ ಇದೆ. ಟಿ ಅಲೆ ಎಷ್ಟು ಎತ್ತರ ಇದೆ ಎಂದು ನೋಡಿ ಪೊಟ್ಯಾಸಿಯಂ ಊಹಿಸಲು ಹೋಗಬಾರದು. 8 ಇದ್ದರೂ ಇಸಿಜಿ ಸಾಧಾರಣವಾಗಿ ಕಂಡ ರೋಗಿಗಳನ್ನು ನೋಡಿದ್ದೇನೆ, ಹೆಚ್ಚಾಗಿ ವರ್ಷಗಳಿಂದ ಡಯಾಲಿಸಿಸ್‌ನಲ್ಲಿ ಇರುವವರು. ಇಸಿಜಿ ಕೆಟ್ಟಿದ್ದರೆ ನಂಬಿ, ಚೆನ್ನಾಗಿದ್ದರೆ ನಂಬಿ ಕೂರಬೇಡಿ.

ಎರಡು ತಾಸಿನ ನಂತರ 6.7. ಮೂರನೇ ತಾಸಿನಲ್ಲಿ ಸಕ್ಕರೆ 62ಕ್ಕೆ ಇಳಿಯಿತು, ಅವರು ಬೆವೆತರು. ಸೋತ ಕಿಡ್ನಿ ಇನ್ಸುಲಿನ್ ಅನ್ನು ಬೇಗ ಹೊರಹಾಕುವುದಿಲ್ಲ, ಡೆಕ್ಸ್‌ಟ್ರೋಸ್ ಮಾತ್ರ ಬೇಗ ಮುಗಿದುಹೋಗುತ್ತದೆ. ತಾಸಿಗೊಮ್ಮೆ ಗ್ಲುಕೋಮೀಟರಿನಲ್ಲಿ ಪರೀಕ್ಷಿಸುತ್ತಿದ್ದ ಸಿಸ್ಟರ್ ಅದನ್ನು ಪತ್ತೆ ಹಚ್ಚಿದರು. ಮತ್ತೆ ಡೆಕ್ಸ್‌ಟ್ರೋಸ್ ಕೊಟ್ಟು, ನಾಡಿ 70 ಇದ್ದಾಗ ಹುಬ್ಬಳ್ಳಿಗೆ ಕಳಿಸಿದೆವು. ಚೀಟಿಯಲ್ಲಿ ಈಗ "ಡಯಾಲಿಸಿಸ್" ಎಂದಿತ್ತು. ಆಂಬುಲೆನ್ಸಿನಲ್ಲಿ ಜೊತೆಗೆ ಹೋದ ಸಿಸ್ಟರ್ ಕೈಯಲ್ಲಿ ಇನ್ನೂ ಎರಡು ಕ್ಯಾಲ್ಸಿಯಂ ಆಂಪೂಲ್ ಇದ್ದವು. ದಾರಿಯಲ್ಲಿ ಬೇಕಾಗಲಿಲ್ಲ.

ಅಲ್ಲಿ ಎರಡು ಸಲ ಡಯಾಲಿಸಿಸ್ ಆಯಿತು. ಕಿಡ್ನಿ ಚೇತರಿಸಿಕೊಂಡಿತು. ಕ್ರಿಯಾಟಿನಿನ್ 1.8ಕ್ಕೆ ಬಂದಾಗ ಮನೆಗೆ ಬಂದರು.

ಎರಡನೇ ಸಲ

ಮೂರೂವರೆ ವಾರ ಕಳೆದಿತ್ತು. ಮತ್ತೆ ಅದೇ ಮಡದಿ, ಅದೇ ಮಾತು. ಕಾಲಲ್ಲಿ ಶಕ್ತಿ ಇಲ್ಲ. ರೈತರು ಈ ಸಲ ಇನ್ನೊಂದು ಸೇರಿಸಿದರು: "ಎದಿ ತಪ್ಪಿ ತಪ್ಪಿ ಬಡಿತೈತ್ರಿ."

ಮನೆಯವರು ಪೊಟ್ಯಾಸಿಯಂ ಮತ್ತೆ ಏರಿದೆ ಎಂದೇ ನಂಬಿದ್ದರು. ಐದು ದಿನದಿಂದ ಪಥ್ಯ ಇನ್ನೂ ಬಿಗಿ ಮಾಡಿದ್ದರು. ಪಲ್ಯ ಕುದಿಸಿ ನೀರು ಚೆಲ್ಲಿ ಕೊಡುತ್ತಿದ್ದರು. ಹಣ್ಣು, ಬೇಳೆ, ಎಳನೀರು ಯಾವುದೂ ಇಲ್ಲ. ಬರೀ ಅನ್ನ, ರೊಟ್ಟಿ. ಕಾಲು ಬಾವಿಗೆಂದು ಟಾರ್ಸೆಮೈಡ್ ನಡೆದಿತ್ತು. ಅದು ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ. ಚೀಲದಲ್ಲಿ ಇನ್ನೊಂದು ಸಿಕ್ಕಿತು: ಕರುಳಿನಲ್ಲಿ ಪೊಟ್ಯಾಸಿಯಂ ಹಿಡಿಯುವ ಪುಡಿಯ ಪ್ಯಾಕೆಟ್. ಐದು ದಿನಕ್ಕೆ ಬರೆದಿದ್ದು. ಯಾವಾಗ ನಿಲ್ಲಿಸಬೇಕು ಎಂದು ಚೀಟಿಯಲ್ಲಿ ಎದ್ದು ಕಾಣುವಂತೆ ಇರಲಿಲ್ಲ. ಮಗ ಪ್ರತಿ ವಾರ ಮೆಡಿಕಲ್ ಶಾಪಿನಿಂದ ತಂದುಕೊಡುತ್ತಿದ್ದ. ಡಿಸ್ಚಾರ್ಜ್ ಆದ ಮೇಲೆ ರಕ್ತ ಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ. ಹುಬ್ಬಳ್ಳಿಯಿಂದ ಬಂದ ದಿನ ಅವರು ನಮ್ಮಲ್ಲಿಗೂ ಬಂದಿದ್ದರು. ಚೀಲ ನೋಡದೇ ಮಾತಾಡಿಸಿ ಕಳಿಸಿದ್ದು ನಾನೇ.

ಇಸಿಜಿಯಲ್ಲಿ ಟಿ ಅಲೆ ಚಪ್ಪಟೆ. ಅದರ ಹಿಂದೆ ಯು ಎಂಬ ಇನ್ನೊಂದು ಅಲೆ. ನಡುನಡುವೆ ಹೃದಯದ ಕೆಳಗಿನ ಕೋಣೆಗಳಿಂದ ಹುಟ್ಟಿದ ಅಕಾಲ ಬಡಿತಗಳು, ಒಂದು ಕಡೆ ಸಾಲಾಗಿ ನಾಲ್ಕು. ಪೊಟ್ಯಾಸಿಯಂ 2.6, ಮೆಗ್ನೀಸಿಯಂ 1.3, ಎರಡೂ ಕಡಿಮೆ.

ಅದೇ ಲೆಕ್ಕಕ್ಕೆ 2.6 ಹಾಕಿದರೆ −106 ಬರುತ್ತದೆ. ಪೊರೆ ಗೆರೆಯಿಂದ ತೀರಾ ದೂರ ಹೋಯಿತು, ಸಿಡಿಯುವುದು ಕಷ್ಟವಾಯಿತು. ಕಾಲು ಸೋತದ್ದಕ್ಕೆ ಇದು ಒಂದು ಕಾರಣ. ಮೊದಲ ಸಲ ಬೋನು ಹೂಡಿಕೊಂಡಿರಲಿಲ್ಲ. ಈ ಸಲ ಹೂಡಿತ್ತು, ಬಡಿಸಲು ಬೇಕಾದ ದೂಡು ಸಾಲಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮನೆಯವರು ಮೋಸ ಹೋದದ್ದು ಇಲ್ಲಿಯೇ.

ಆದರೆ ಹೃದಯದಲ್ಲಿ ಈ ಲೆಕ್ಕ ಅರ್ಧ ಸತ್ಯ. ಸಿಡಿಯುವುದು ಕಷ್ಟ ಎಂದರೆ ಹೃದಯ ಶಾಂತವಾಗಬೇಕಿತ್ತು, ಬದಲಿಗೆ ಅಡ್ಡಾದಿಡ್ಡಿ ಬಡಿಯುತ್ತಿತ್ತು. ಯಾಕೆಂದರೆ ಪೊಟ್ಯಾಸಿಯಂ ಬಾಗಿಲುಗಳೇ ಹೊರಗಿನ ಪೊಟ್ಯಾಸಿಯಂಗೆ ಸ್ಪಂದಿಸುತ್ತವೆ. ಹೊರಗೆ ಜಾಸ್ತಿ ಇದ್ದರೆ ಚೆನ್ನಾಗಿ ತೆರೆಯುತ್ತವೆ, ಕಡಿಮೆ ಇದ್ದರೆ ಬಿಗಿಯಾಗುತ್ತವೆ. ಮೊದಲ ಸಲ ಅವು ಚೆನ್ನಾಗಿ ತೆರೆದು, ಕೋಶಗಳು ಬೇಗ, ಒಟ್ಟೊಟ್ಟಿಗೆ ವಿಶ್ರಾಂತಿಗೆ ಮರಳಿದ್ದವು. ಚೂಪಾದ ಟಿ ಅಲೆ ಬಂದದ್ದು ಅದರಿಂದ. ಈ ಸಲ ಬಾಗಿಲು ಬಿಗಿಯಾಗಿ, ಮರಳುವಿಕೆ ಎಳೆದಾಡಿತು. ಟಿ ತಗ್ಗಿತು, ಯು ಎದ್ದಿತು. ಆ ಎಳೆದಾಟದ ಹೊತ್ತಿನಲ್ಲಿ ಕೋಶ ತಾನಾಗಿಯೇ ಮತ್ತೆ ಸಿಡಿಯಬಲ್ಲದು. ಬಾಗಿಲು ತೀರಾ ಬಿಗಿಯಾದರೆ ಕೆಲವು ಕೋಶಗಳು −106ರ ಹತ್ತಿರವೂ ಹೋಗದೆ ಮೇಲೆಯೇ ಅಲುಗಾಡುತ್ತಾ ನಿಲ್ಲುತ್ತವೆ. ಅಕಾಲ ಬಡಿತಗಳ ತವರು ಅದು. ಸಾಲು ಉದ್ದವಾದರೆ ಪ್ರಾಣಕ್ಕೇ ಅಪಾಯ.

ಪುಡಿ ಮತ್ತು ಟಾರ್ಸೆಮೈಡ್ ನಿಲ್ಲಿಸಿದೆವು. ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ ನಿಧಾನಕ್ಕೆ ಕೊಟ್ಟೆವು. ಅದು ಕಡಿಮೆ ಇದ್ದರೆ ಕಿಡ್ನಿ ಪೊಟ್ಯಾಸಿಯಂ ಅನ್ನು ಸೋರಿಸುತ್ತಲೇ ಇರುತ್ತದೆ, ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ. ಪೊಟ್ಯಾಸಿಯಂ ಕ್ಲೋರೈಡ್ 10 ಮಿಲಿ ಆಂಪೂಲಿನಲ್ಲಿ 20 ಮಿಲಿಮೋಲ್ ಇರುತ್ತದೆ. ಅದನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. 500 ಮಿಲಿ ಸಲೈನಿಗೆ ಬೆರೆಸಿ, ಬಾಟಲಿ ಚೆನ್ನಾಗಿ ತಿರುವಿ, ತಾಸಿಗೆ 10 ಮಿಲಿಮೋಲ್ ಹೋಗುವಂತೆ ಹಚ್ಚಿದೆವು. ಡೆಕ್ಸ್‌ಟ್ರೋಸ್ ಬಾಟಲಿ ಬಳಸಲಿಲ್ಲ. ಸಕ್ಕರೆಯಿಂದ ಇನ್ಸುಲಿನ್ ಎದ್ದು, ಇದ್ದ ಪೊಟ್ಯಾಸಿಯಂ ಕೂಡ ಕೋಶದೊಳಗೆ ಹೋಗಿಬಿಡಬಹುದು.

ಎಷ್ಟು ಕೊಡಬೇಕು ಎಂಬುದೇ ಈ ಸಲದ ಕಷ್ಟದ ತೀರ್ಮಾನ. ಕೊರತೆ ದೊಡ್ಡದಿತ್ತು, ಕಿಡ್ನಿ ಅರ್ಧವೇ ಕೆಲಸ ಮಾಡುತ್ತಿತ್ತು. ಜಾಸ್ತಿ ಕೊಟ್ಟರೆ ನಾಡಿ 36 ಇದ್ದ ಆ ಬೆಳಗು ಮರಳಿ ಬರುತ್ತಿತ್ತು. ಆದ್ದರಿಂದ ಒಮ್ಮೆಗೆ 20 ಮಾತ್ರ ಕೊಟ್ಟು, ನಾಲ್ಕು ತಾಸಿಗೊಮ್ಮೆ ಪರೀಕ್ಷೆ ಮಾಡಿಸಿದೆವು. ನಡುವೆ ಬಾಯಿಂದ ಸಿರಪ್. ಸಂಜೆಗೆ 3.0, ಮರುದಿನ ಬೆಳಿಗ್ಗೆ 3.5. ಅಕಾಲ ಬಡಿತಗಳು ರಾತ್ರಿಯೇ ನಿಂತಿದ್ದವು. ಮೂರನೇ ದಿನ ಅವರು ತಾವೇ ಎದ್ದು ವರಾಂಡದವರೆಗೆ ನಡೆದರು.

ನಮ್ಮಲ್ಲಿ ಬದಲಾದದ್ದು

ಕ್ಯಾಲ್ಸಿಯಂ ಗ್ಲುಕೊನೇಟ್ ಆಂಪೂಲುಗಳು ಈಗ ಇಸಿಜಿ ಮಷೀನಿನ ಟ್ರಾಲಿಯಲ್ಲೇ ಇರುತ್ತವೆ. ಫೋನಿನಲ್ಲಿ ಇಸಿಜಿ ಹೇಳುವವರು ರೇಟಿನ ಜೊತೆ ಕ್ಯೂಆರ್‌ಎಸ್ ಅಗಲವನ್ನೂ ಹೇಳಬೇಕು, ಕಾಗದದ ಫೋಟೋ ಕಳಿಸಬೇಕು. ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಹೊಸದಾಗಿ ಶುರು ಮಾಡಿದರೆ, ಡೋಸ್ ಏರಿಸಿದರೆ, ಒಂದು ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡುತ್ತೇವೆ. ಡಿಸ್ಚಾರ್ಜ್ ಆದವರಿಗೂ ಅಷ್ಟೇ. ಭೇದಿ, ವಾಂತಿ ಶುರುವಾದರೆ ಈ ಗುಳಿಗೆ ಮುಂದುವರಿಸಬೇಕೋ ಬೇಡವೋ ಎಂದು ಅದೇ ದಿನ ಕೇಳಿ ಎಂದು ಹೇಳಿ ಕಳಿಸುತ್ತೇವೆ. ಪುಡಿ ಬರೆದರೆ ನಿಲ್ಲಿಸುವ ತಾರೀಖನ್ನು ಪ್ಯಾಕೆಟ್ಟಿನ ಮೇಲೆಯೇ ಕೆಂಪು ಪೆನ್ನಿನಲ್ಲಿ ಬರೆಯುತ್ತೇವೆ.

ಈ ರೈತರು ಈಗ ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಸಲ 4.6 ಇತ್ತು. "ಎಳನೀರ ಒಂದ ಗುಟುಕರ ಕುಡೀಬಹುದೇನ್ರಿ?" ಎಂದು ಕೇಳಿದರು. ಎರಡು ಗುಟುಕು ಕುಡಿಯಿರಿ, ಕಾಯಿ ಪೂರ್ತಿ ಬೇಡ ಎಂದೆ. ಮಡದಿ ಆಗಲೇ ಚೀಲ ತೆರೆದು ಗುಳಿಗೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಡುತ್ತಿದ್ದರು.